ಪ್ಯಾಕೆಟ್ ಬ್ರೆಡ್ ಎದುರು ನಮ್ಮ ಬೇಕರಿಯ ಎರಡು ವಾಕ್ಯ

ನಮ್ಮ ಬೇಕರಿ ಯಾರಿಗಾಗಿ, ಬೇರೆಯವರಿಗಿಂತ ಹೇಗೆ ಬೇರೆ ಅಂತ ಹೇಳುವ ಪೊಸಿಷನಿಂಗ್ ಸ್ಟೇಟ್‌ಮೆಂಟನ್ನು ನಾನು ಮೊದಲ ಸಲ ಬರೆದಾಗ ಅದು ಹೀಗಿತ್ತು: "ತಾಜಾ, ರುಚಿಯಾದ, ಆರೋಗ್ಯಕರ ಬ್ರೆಡ್ಡನ್ನು ಪ್ರೀತಿಯಿಂದ ಮಾಡುವ ನಿಮ್ಮ ಮನೆ ಹತ್ತಿರದ ಬೇಕರಿ." ಅದನ್ನು ಹಿಟ್ಟು ನಾದುವ ಜಾಗದ ಗೋಡೆಗೆ ಅಂಟಿಸಿದ್ದೆ. ಒಂದು ದಿನ ತಂಗಿ ಬಂದು ಓದಿದಳು. "ಅಣ್ಣಾ, 'ಮನೆ ಹತ್ತಿರದ' ಅನ್ನೋದನ್ನ ತೆಗೆದರೆ ಮಿಕ್ಕಿದ್ದೆಲ್ಲ ಪ್ಯಾಕೆಟ್ ಬ್ರೆಡ್ ಕವರ್ ಮೇಲೇ ಇರುತ್ತಲ್ಲ" ಅಂದಳು.

ಸಿಟ್ಟು ಬಂತು, ಆದರೆ ಹೇಳಿದ್ದು ನಿಜ. ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ಪಕ್ಕದಲ್ಲಿಟ್ಟು ನೋಡಿದೆ. ತಾಜಾ ಅಂತಿದೆ, ರುಚಿ ಅಂತಿದೆ, ಗೋಧಿ ತೆನೆಯ ಚಿತ್ರವೂ ಇದೆ. ಆವತ್ತಿನಿಂದ ನಾನು ಏನೇ ಬರೆದರೂ ಮೊದಲು ಮಾಡುವ ಪರೀಕ್ಷೆ ಇದೇ: ನಮ್ಮ ಹೆಸರಿನ ಜಾಗದಲ್ಲಿ ದೊಡ್ಡ ಕಂಪನಿಯ ಹೆಸರು ಹಾಕಿ ಓದುವುದು. ಆಗಲೂ ವಾಕ್ಯ ಸರಿಯಾಗೇ ಇದೆ ಅನಿಸಿದರೆ ಅದು ನಮ್ಮ ವಾಕ್ಯ ಅಲ್ಲ.

ಎರಡನೇ ಸಲ ಜಾಣತನ ಮಾಡಲು ಹೋದೆ. "ಪ್ಯಾಕೆಟ್ ಬ್ರೆಡ್ಡಿನ ಹಾಗೆ ಕೆಮಿಕಲ್ ಹಾಕದ ಬೇಕರಿ" ಅಂತ ಬರೆದೆ. ಬರೆದ ಮೇಲೆ ಸುಮ್ನೆ ಒಂದು ಅನುಮಾನ ಬಂದು, ಬ್ರೆಡ್ ಚೆನ್ನಾಗಿ ಬರಲೆಂದು ಹಿಟ್ಟಿಗೆ ಬೆರೆಸಲು ನಾವೇ ತರಿಸುವ ಬ್ರೆಡ್ ಇಂಪ್ರೂವರ್ ಚೀಲವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಎಮಲ್ಸಿಫೈಯರ್ ಇತ್ತು, ಕಿಣ್ವ ಇತ್ತು. ವರ್ಷಗಳಿಂದ ಹಾಕುತ್ತಿದ್ದೇನೆ, ಒಂದು ಸಲವೂ ಓದಿರಲಿಲ್ಲ! ಆ ವಾಕ್ಯವನ್ನು ಅಲ್ಲೇ ಹರಿದು ಹಾಕಿದೆ. ಇಂಪ್ರೂವರ್ ಬಿಟ್ಟುಬಿಟ್ಟರೂ ಆ ಮಾತು ಬಹಳ ದಿನ ನಡೆಯುವುದಿಲ್ಲ, ಯಾಕಂದ್ರೆ ದೊಡ್ಡ ಕಂಪನಿಗಳೂ ಪ್ರಿಸರ್ವೇಟಿವ್ ಇಲ್ಲದ ಬ್ರೆಡ್ ಮಾಡಿ ಕವರ್ ಮೇಲೆ ದೊಡ್ಡದಾಗಿ ಬರೆದುಕೊಳ್ಳಬಲ್ಲವು.

ಆಮೇಲೆ ಬರೆಯುವುದನ್ನು ನಿಲ್ಲಿಸಿ ಗಿರಾಕಿಗಳನ್ನು ಕೇಳಲು ಶುರು ಮಾಡಿದೆ. "ನಮ್ಮ ಬ್ರೆಡ್ ಯಾಕೆ ಇಷ್ಟ" ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿರುತ್ತೆ" ಅಂತಾರೆ, ಅದು ಬರೀ ಮರ್ಯಾದೆಯ ಮಾತು. ಅದಕ್ಕೆ ಪ್ರಶ್ನೆ ತಿರುಗಿಸಿದೆ: "ಹೋದ ಸಲ ಪ್ಯಾಕೆಟ್ ಬ್ರೆಡ್ ಯಾವಾಗ ತಗೊಂಡ್ರಿ, ಆವತ್ತು ಯಾಕೆ ಇಲ್ಲಿಗೆ ಬರಲಿಲ್ಲ?" ಎರಡು ವಾರ ಕೌಂಟರ್‌ನಲ್ಲಿ ನಿಂತು ಮೂವತ್ತು ನಲವತ್ತು ಜನರನ್ನು ಕೇಳಿ, ಬಿಲ್ ಪುಸ್ತಕದ ಹಿಂದೆ ಅವರ ಮಾತಿನಲ್ಲೇ ಬರೆದುಕೊಂಡೆ. ಅವರ ಮಾತಿನಲ್ಲೇ ಅನ್ನುವುದು ಮುಖ್ಯ, ನಮ್ಮ ಭಾಷೆಗೆ ತಿರುಗಿಸಿ ಬರೆದರೆ ಮತ್ತೆ "ಗುಣಮಟ್ಟ" ಅಂತಲೇ ಆಗಿಬಿಡುತ್ತದೆ.

ಬಂದ ಉತ್ತರಗಳಲ್ಲಿ ರುಚಿಯ ಸುದ್ದಿಯೇ ಕಡಿಮೆ. "ಹಾಲು ತರೋಕೆ ಹೋಗಿದ್ದೆ, ಅಲ್ಲೇ ಸಿಕ್ತು." "ಮಕ್ಕಳ ಡಬ್ಬಿಗೆ ವಾರ ಪೂರ್ತಿ ಬರುತ್ತೆ." "ನಿಮ್ಮದು ಮೂರನೇ ದಿನಕ್ಕೆ ಗಟ್ಟಿಯಾಗುತ್ತೆ." ಒಬ್ಬರು ಹೇಳಿದ್ದು ಮಾತ್ರ ಬೇರೆ ಥರ ಇತ್ತು: "ರಾತ್ರಿ ಸೂಪ್ ಜೊತೆಗಾದರೆ ನಿಮ್ಮದೇ ಬೇಕು, ಪ್ಯಾಕೆಟ್ಟಿನದ್ದಕ್ಕೆ ಮೇಲಿನ ಸಿಪ್ಪೆನೇ ಇರಲ್ಲ."

ಈ ಸಿಪ್ಪೆಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬೇಕರಿಯವರಿಗೆ ಗೊತ್ತಿರುವ ವಿಷಯವೇ. ಬ್ರೆಡ್ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ, ಬೆಂದಾಗ ಮೆತ್ತಗಾದ ಪಿಷ್ಟ ತಣ್ಣಗಾದ ಮೇಲೆ ನಿಧಾನಕ್ಕೆ ಮತ್ತೆ ಬಿಗಿಯಾಗುತ್ತಾ ಹೋಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ. ದೊಡ್ಡ ಕಂಪನಿಗಳು ಕಿಣ್ವ ಹಾಕಿ ಇದನ್ನು ಮುಂದೂಡುತ್ತವೆ, ಬೂಸ್ಟು ಬರದಂತೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕುತ್ತವೆ. ಹಾಗಾಗಿ ಮೂರನೇ ದಿನ ಅವರ ಬ್ರೆಡ್ ನಮ್ಮದಕ್ಕಿಂತ ಮೆತ್ತಗಿರುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ಮೆತ್ತಗಿರುವುದರಲ್ಲಿ ಅವರ ಜೊತೆ ಸ್ಪರ್ಧೆಗಿಳಿದರೆ ಸೋಲು ನಮ್ಮದೇ. ಆದರೆ ಸಿಪ್ಪೆ ಹಾಗಲ್ಲ. ಬ್ರೆಡ್ಡನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಮುಚ್ಚಿದ ಕೂಡಲೇ ಒಳಗಿನ ತೇವ ಹೊರಗೆ ಬಂದು ಸಿಪ್ಪೆಯಲ್ಲಿ ಕೂರುತ್ತದೆ, ಕೆಲವು ಗಂಟೆಗಳಲ್ಲಿ ಅದು ಚರ್ಮದ ಹಾಗಾಗುತ್ತದೆ. ಕಾರ್ಖಾನೆಯಿಂದ ಹೊರಟು ಲಾರಿ ಹತ್ತಿ, ಅಂಗಡಿಯ ಕಪಾಟಿನಲ್ಲಿ ದಿನಗಟ್ಟಲೆ ಕೂರಬೇಕಾದ ಬ್ರೆಡ್ಡಿಗೆ ಆ ಕವರ್ ಬೇಕೇ ಬೇಕು. ಅಂದರೆ ಗರಿಗರಿ ಸಿಪ್ಪೆ ಕೊಡಬೇಕಾದರೆ ಅವರು ತಮ್ಮ ವ್ಯಾಪಾರದ ರೀತಿಯನ್ನೇ ಬಿಡಬೇಕು. ನಾನು ಹುಡುಕುತ್ತಿದ್ದದ್ದು ಇಂಥದ್ದನ್ನೇ. ನಾವು ಚೆನ್ನಾಗಿ ಮಾಡುವುದು ಅಂತ ಅಷ್ಟೇ ಆದರೆ ಸಾಲದು, ಅವರು ಮಾಡಬೇಕೆಂದರೂ ಮಾಡಲಾಗದ್ದು ಬೇಕು.

ಇಂಥ ವಾಕ್ಯ ಬರೆಯಲು ಸಾಮಾನ್ಯವಾಗಿ ಹೇಳಿಕೊಡುವ ಅಚ್ಚಿನಲ್ಲಿ ನಾಲ್ಕು ಖಾಲಿ ಜಾಗ ಇರುತ್ತವೆ: ಯಾರಿಗೆ, ಅವರಿಗೆ ಏನು ಬೇಕು, ನಾವು ಯಾವ ಬಗೆಯವರು, ಯಾರಿಗಿಂತ ಹೇಗೆ ಬೇರೆ. ಅದನ್ನೇ ಇಟ್ಟುಕೊಂಡು ಬರೆದೆ:

"ಸಂಜೆ ಕೆಲಸ ಮುಗಿಸಿ ಈ ದಾರಿಯಲ್ಲಿ ನಡೆದು ಹೋಗುವ ಚಿಕ್ಕ ಸಂಸಾರದವರಿಗೆ, ಅವತ್ತಿನ ರಾತ್ರಿಯೂಟಕ್ಕೆ ಮತ್ತು ಮರುದಿನದ ತಿಂಡಿಗೆ ಸಾಕಾಗುವಷ್ಟು ಬ್ರೆಡ್ ಕೊಡುವ ಬೇಕರಿ ನಮ್ಮದು. ವಾರವಿಡೀ ಮೆತ್ತಗಿರಲೆಂದು ಮಾಡಿದ ಪ್ಯಾಕೆಟ್ ಬ್ರೆಡ್ಡಿನ ಹಾಗಲ್ಲದೆ, ನಮ್ಮದು ಓವನ್‌ನಿಂದ ಬಂದು ಆರು ತಾಸು ದಾಟುವ ಮೊದಲೇ, ಸಿಪ್ಪೆ ಗರಿಗರಿಯಾಗಿರುವಾಗಲೇ ನಿಮ್ಮ ಕೈಗೆ ಬರುತ್ತದೆ."

ಇದು ಬೋರ್ಡ್ ಮೇಲೆ ಹಾಕುವ ಮಾತಲ್ಲ. ನಮ್ಮೊಳಗೆ ಏನು ಮಾಡಬೇಕು, ಏನು ಬಿಡಬೇಕು ಅಂತ ತೀರ್ಮಾನ ಮಾಡಲು ಬರೆದದ್ದು. ಬಿಡುವುದೇ ಜಾಸ್ತಿ ಆಯಿತು! ಬೆಳಗಿನ ಲೋಫ್ ಬ್ಯಾಚ್ ಬಿಟ್ಟೆವು, ಬೆಳಿಗ್ಗೆ ಬನ್ನು ಮತ್ತು ಬಿಸ್ಕತ್ತು ಮಾತ್ರ. ಲೋಫ್ ನಾಲ್ಕು ಗಂಟೆಗೆ ಓವನ್‌ನಿಂದ ಇಳಿಯುತ್ತದೆ, ಪೂರ್ತಿ ಆರಿದ ಮೇಲೆ ಸುಮಾರು ಐದೂವರೆಗೆ ಕೌಂಟರ್‌ಗೆ, ಒಂಬತ್ತಕ್ಕೆ ಅಂಗಡಿ ಬಾಗಿಲು ಹಾಕುತ್ತೇವೆ. ಪ್ಲಾಸ್ಟಿಕ್ ತೆಗೆದು ಪೇಪರ್ ಕವರ್ ಮಾಡಿದೆವು. ಎರಡು ಮೂರು ಜನರ ಮನೆಗೆ ಅಂತ 200 ಗ್ರಾಂ ಲೋಫ್ ಶುರು ಮಾಡಿದೆವು. ಉಳಿದದ್ದನ್ನು ಮರುದಿನ ಬ್ರೆಡ್ ಅಂತ ಮಾರುವ ಹಾಗಿಲ್ಲ, ರಸ್ಕ್‌ಗೆ ಹೋಗುತ್ತದೆ.

ಮಕ್ಕಳ ಡಬ್ಬಿಯ ಗಿರಾಕಿಗಳು ಹೋದರು. ಅವರನ್ನು ಬಿಟ್ಟುಕೊಡುವುದು ನಿಜವಾಗಿಯೂ ಕಷ್ಟ, ಬೆಳಿಗ್ಗೆ ಬಂದವರಿಗೆ "ಸಂಜೆ ಬನ್ನಿ" ಅನ್ನುವಾಗ ಬಾಯೇ ಬರುತ್ತಿರಲಿಲ್ಲ. ಇದರ ಮಧ್ಯೆ ಒಂದು ದೊಡ್ಡ ಅಂಗಡಿಯವರು ಬಂದು "ಐದು ದಿನ ಇರೋ ಹಾಗೆ ಪ್ಯಾಕ್ ಮಾಡಿ ಕೊಡಿ, ದಿನಾ ತಗೊಳ್ತೀವಿ" ಅಂದರು. ಮೊದಲಾಗಿದ್ದರೆ ಕುಣಿದಾಡುತ್ತಿದ್ದೆ. ಗೋಡೆಯ ಮೇಲಿನ ಎರಡು ವಾಕ್ಯ ಓದಿ, ಬೇಡ ಅಂದೆ.

ಸರಿಯಾಗುತ್ತಿದೆಯಾ ಅಂತ ನೋಡಲು ಎರಡೇ ಲೆಕ್ಕ ಇಟ್ಟೆ: ಒಂಬತ್ತಕ್ಕೆ ಎಷ್ಟು ಲೋಫ್ ಉಳಿಯಿತು, ಮತ್ತು ಗಿರಾಕಿಗಳು ಏನಂತ ಕೇಳುತ್ತಾರೆ. ಮೊದಲ ತಿಂಗಳು ರಸ್ಕ್ ಡಬ್ಬಗಳು ತುಂಬಿ ತುಳುಕಿದವು, ನನಗೂ ಭಯವೇ ಆಯಿತು. ಎರಡನೇ ತಿಂಗಳಲ್ಲಿ "ಬ್ರೆಡ್ ಇದೆಯಾ" ಅನ್ನುತ್ತಿದ್ದವರು "ನಾಲ್ಕು ಗಂಟೆದು ಇದೆಯಾ" ಅನ್ನತೊಡಗಿದರು. ಹಾಗಂತ ನಾವು ಎಲ್ಲೂ ಬರೆದಿರಲಿಲ್ಲ. ಆಮೇಲೆ ಬೋರ್ಡ್ ಮೇಲೆ ಹಾಕಿದ್ದು ಅದೇ ಎರಡು ಪದ: ನಾಲ್ಕು ಗಂಟೆಯದ್ದು.

ಭಾನುವಾರ ಮಾತ್ರ ಉಳಿಯುತ್ತಲೇ ಇತ್ತು. ಯಾಕೆ ಅಂತ ತಲೆ ಕೆಡಿಸಿಕೊಂಡು ಹಿಟ್ಟು ಬದಲಿಸಿದೆ, ಸಮಯ ಬದಲಿಸಿದೆ. ಕೊನೆಗೆ ತಂಗಿಯೇ ಗೋಡೆ ಕಡೆ ಕೈ ತೋರಿಸಿದಳು: "'ಕೆಲಸ ಮುಗಿಸಿ' ಅಂತ ನೀನೇ ಬರೆದಿದ್ದೀಯಲ್ಲ, ಭಾನುವಾರ ಕೆಲಸಕ್ಕೆ ಯಾರು ಹೋಗ್ತಾರೆ?" ಈಗ ಭಾನುವಾರ ಅರ್ಧ ಬ್ಯಾಚ್ ಮಾಡುತ್ತೇವೆ.