ಪ್ಲಾನ್ 100 ಎಂಬಿಪಿಎಸ್, ಕೈಗೆ ಸಿಗುವುದು ನಾಲ್ಕು: ಹೋಂಸ್ಟೇ ವೈಫೈ ಸರಿಪಡಿಸುವುದು ಹೇಗೆ?

ಡಿಸೆಂಬರ್ ಕೊನೆಯ ವಾರ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹೋಂಸ್ಟೇಗಳು ತುಂಬಿದವೆಂದರೆ ‘ವೈಫೈ ತುಂಬಾ ಸ್ಲೋ’ ಎಂಬ ದೂರೂ ಶುರುವಾಗುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: 100 ಎಂಬಿಪಿಎಸ್ ಪ್ಲಾನನ್ನು 200ಕ್ಕೋ 300ಕ್ಕೋ ಏರಿಸುವುದು. ಬಿಲ್ ಏರುತ್ತದೆ, ದೂರು ಹಾಗೇ ಉಳಿಯುತ್ತದೆ. ಏಕೆಂದರೆ ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದು ಫೈಬರಿನ ವೇಗವಲ್ಲ, ವೈಫೈಗೆ ಸಿಗುವ ಸಮಯ. ತಂತ್ರಜ್ಞರು ಇದನ್ನು ಏರ್‌ಟೈಮ್ ಎನ್ನುತ್ತಾರೆ.

ವೈಫೈ ನಡೆಯುವುದು ವಾಕಿಟಾಕಿಯಂತೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬಹುದು. ರೂಟರ್ ಸೇರಿದಂತೆ ಉಳಿದವೆಲ್ಲ ಕಾಯಬೇಕು. ಹಾಗಾಗಿ ಎಷ್ಟು ಫೋನ್ ಕನೆಕ್ಟ್ ಆಗಿವೆ ಎನ್ನುವುದಕ್ಕಿಂತ, ಪ್ರತಿಯೊಂದೂ ತನ್ನ ಸರದಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಮುಖ್ಯ. ಜೇಬಿನಲ್ಲಿ ಸುಮ್ಮನಿರುವ ಇಪ್ಪತ್ತು ಫೋನ್‌ಗಳಿಂದ ದೊಡ್ಡ ತೊಂದರೆಯಿಲ್ಲ. ದೂರದ ಮೂಲೆಯಲ್ಲಿ ವಿಡಿಯೊ ನೋಡುತ್ತಿರುವ ಒಂದೇ ಫೋನ್ ಇಡೀ ಮನೆಯನ್ನು ನಿಲ್ಲಿಸಬಲ್ಲದು.

ಹೇಗೆಂದು ಲೆಕ್ಕ ಹಾಕಿ ನೋಡೋಣ. ತೋಟದ ನಡುವಿನ ಹಳೆಯ ಮನೆ, ದಪ್ಪ ಮಣ್ಣಿನ ಗೋಡೆ, ಹಾಲ್‌ನಲ್ಲಿ ಒಂದು ರೂಟರ್. ಹಾಲ್‌ನಲ್ಲೇ ಕುಳಿತ ಅತಿಥಿಯ ಫೋನಿಗೆ 2.4 ಗಿಗಾಹರ್ಟ್ಸ್‌ನಲ್ಲಿ 144 ಎಂಬಿಪಿಎಸ್ ಲಿಂಕ್ ಸಿಕ್ಕಿದೆ ಎನ್ನಿ. ಕಾಯುವ ಹೊತ್ತು, ‘ಸಿಕ್ಕಿತು’ ಎಂಬ ಮರುಸಂದೇಶ ಎಲ್ಲ ಕಳೆದು ನಿಜಕ್ಕೂ ದಕ್ಕುವುದು ಸುಮಾರು 80. ಮೂರು ಗೋಡೆ ಆಚೆಯ ಕೊನೆಯ ರೂಮಿನಲ್ಲಿ ಸಿಗ್ನಲ್ ಕ್ಷೀಣ. ಅಲ್ಲಿ ಫೋನ್ ಮತ್ತು ರೂಟರ್ ತಪ್ಪಿಲ್ಲದೆ ಮಾತಾಡಲು ನಿಧಾನಕ್ಕೆ ಇಳಿಯುತ್ತವೆ. ಲಿಂಕ್ 6.5ಕ್ಕೆ ಬಂದು, ದಕ್ಕುವುದು ಸುಮಾರು 4.

ಇಬ್ಬರೂ ಒಂದೊಂದು ಮೆಗಾಬೈಟ್, ಅಂದರೆ 8 ಮೆಗಾಬಿಟ್, ತರಿಸಿಕೊಂಡರೆ ಹಾಲ್‌ನವರಿಗೆ 0.1 ಸೆಕೆಂಡ್ ಸಾಕು, ಕೊನೆಯ ರೂಮಿನವರಿಗೆ 2 ಸೆಕೆಂಡ್ ಬೇಕು. ಸಾಮಾನ್ಯ ರೂಟರ್ ಇಬ್ಬರಿಗೂ ಸಮ ಸಂಖ್ಯೆಯ ಸರದಿ ಕೊಡುತ್ತದೆಯೇ ಹೊರತು ಸಮ ಸಮಯ ಕೊಡುವುದಿಲ್ಲ. ಹೀಗಾಗಿ 2.1 ಸೆಕೆಂಡಿಗೆ ತಲಾ 8 ಮೆಗಾಬಿಟ್ ಬೀಳುತ್ತದೆ, ಅಂದರೆ ತಲಾ 3.8 ಎಂಬಿಪಿಎಸ್. ರೂಟರಿನ ಪಕ್ಕದಲ್ಲೇ ಕುಳಿತವರಿಗೂ 3.8! ಇಬ್ಬರದೂ ಸೇರಿ 8ನ್ನೂ ಮುಟ್ಟಲಿಲ್ಲ. ಪ್ಲಾನಿನ 100ರಲ್ಲಿ 92 ಹಾಗೇ ಬಿದ್ದಿದೆ. ಪ್ಲಾನ್ 300 ಆದರೂ ಈ ಲೆಕ್ಕದಲ್ಲಿ ಒಂದಂಕಿಯೂ ಬದಲಾಗದು.

ಇದಕ್ಕಿಂತ ಕಣ್ಣಿಗೆ ಬೀಳದ ಕಳ್ಳ ಕಾಫಿ ಕಣದ ಮೂಲೆಯ ವೈಫೈ ಕ್ಯಾಮೆರಾ. ಅದು ಕಳಿಸುವುದು ಬರೀ 2 ಎಂಬಿಪಿಎಸ್ ಇರಬಹುದು, ಆದರೆ ಅಲ್ಲಿಂದ ದಕ್ಕುವ ವೇಗ 4 ಆಗಿದ್ದರೆ ಪ್ರತಿ ಸೆಕೆಂಡಿನಲ್ಲಿ ಅರ್ಧ ಸೆಕೆಂಡನ್ನು ಅದೊಂದೇ ನುಂಗುತ್ತದೆ. ಹಗಲೂ ರಾತ್ರಿ, ಅತಿಥಿಗಳು ಇರಲಿ ಬಿಡಲಿ.

ಮೊದಲು ಪತ್ತೆ ಹಚ್ಚಿ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರಿಗೆ ಸಿಕ್ಕಿಸಿ, ಅದರ ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ನಡೆಸಿ. 90ರ ಮೇಲೆ ಬಂದರೆ 100ರ ಪ್ಲಾನಿನಲ್ಲಿ ದೋಷವಿಲ್ಲ. ದೊಡ್ಡ ಪ್ಲಾನ್ ಇದ್ದೂ 94ರ ಆಸುಪಾಸಿನಲ್ಲೇ ನಿಂತರೆ ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲಿನ ಒಂದು ಜೋಡಿ ತಂತಿ ಕೆಟ್ಟಿದೆ.

ಬಳಿಕ ಕೇಬಲ್ ತೆಗೆದು ವೈಫೈಗೆ ಬನ್ನಿ. ಅತಿಥಿಗಳಿಲ್ಲದ ಹೊತ್ತು ಒಂದು ಫೋನಿನಲ್ಲಿ ರೂಟರಿನ ಪಕ್ಕದಲ್ಲೇ ಟೆಸ್ಟ್ ಮಾಡಿ, ಅಂಕಿ ಬರೆದಿಟ್ಟುಕೊಳ್ಳಿ. ಆಮೇಲೆ ಇನ್ನೊಬ್ಬರನ್ನು ಕೊನೆಯ ರೂಮಿಗೆ ಕಳಿಸಿ, ಅವರು ದೊಡ್ಡ ಫೈಲ್ ಡೌನ್‌ಲೋಡ್ ಮಾಡುತ್ತಿರುವಾಗಲೇ ಪಕ್ಕದ ಫೋನಿನಲ್ಲಿ ಮತ್ತೆ ಟೆಸ್ಟ್ ಮಾಡಿ. ಎರಡೂ ಫೋನ್ ಒಂದೇ ಬ್ಯಾಂಡಿನಲ್ಲಿರಬೇಕು, ಅಂದರೆ ಎರಡೂ 2.4 ಗಿಗಾಹರ್ಟ್ಸ್‌ನಲ್ಲಿ ಇಲ್ಲವೇ ಎರಡೂ 5ರಲ್ಲಿ. ಅಂಕಿ ಅರ್ಧಕ್ಕಿಂತ ತೀರಾ ಕೆಳಗೆ ಕುಸಿದರೆ, ಸಮಸ್ಯೆ ಏರ್‌ಟೈಮಿನದೇ.

ಯಾವ ರೂಮು ತೊಂದರೆಯದು ಎಂದು ತಿಳಿಯಲು ಸಿಗ್ನಲ್ ಕಡ್ಡಿ ಎಣಿಸಬೇಡಿ, ಲಿಂಕ್ ವೇಗ ನೋಡಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
netsh wlan show interfaces
```

ಬರುವ ಪಟ್ಟಿಯಲ್ಲಿ Receive rate ಮತ್ತು Transmit rate ಎಂಬ ಎರಡು ಸಾಲು ಇರುತ್ತವೆ. ಎರಡನ್ನೂ ನೋಡಲೇಬೇಕು. ರೂಟರಿನ ದನಿ ರೂಮಿಗೆ ಮುಟ್ಟಿದರೂ ಫೋನಿನ ಸಣ್ಣ ಆಂಟೆನಾದ ದನಿ ಹಿಂತಿರುಗಿ ಮುಟ್ಟದಿರಬಹುದು. ರೂಟರಿನ ಪವರ್ ಏರಿಸಿದರೆ ಕಡ್ಡಿ ಹೆಚ್ಚಾಗಿ ಕಾಣುತ್ತದೆ, ಸಮಸ್ಯೆ ಬಗೆಹರಿಯುವುದಿಲ್ಲ. ಯಾವುದೇ ರೂಮಿನಲ್ಲಿ ಇವು 20ಕ್ಕಿಂತ ಕಡಿಮೆ ಬಂದರೆ ಅಲ್ಲಿಗೆ ಬೇರೆ ವ್ಯವಸ್ಥೆ ಬೇಕು. ಮಳೆಗಾಲದಲ್ಲಿ ಇನ್ನೊಮ್ಮೆ ಅಳೆಯಿರಿ: ಇಷ್ಟು ದೂರಕ್ಕೆ ಮಳೆಹನಿಯಿಂದ ತೊಂದರೆಯಿಲ್ಲ, ಆದರೆ ನೀರು ಹೀರಿದ ಮಣ್ಣಿನ ಗೋಡೆ ಒಣ ಗೋಡೆಗಿಂತ ಹೆಚ್ಚು ಸಿಗ್ನಲ್ ತಿನ್ನುತ್ತದೆ.

ಇನ್ನು ಸರಿಪಡಿಸುವುದು

ಜಾಗ ಬದಲಿಸದ ಟಿವಿ, ಕ್ಯಾಮೆರಾ ರೆಕಾರ್ಡರ್, ಆಫೀಸಿನ ಕಂಪ್ಯೂಟರ್ ಎಲ್ಲವನ್ನೂ ಲ್ಯಾನ್ ಕೇಬಲ್‌ಗೆ ಹಾಕಿ. ಕೇಬಲ್‌ಗೆ ಹೋದ ಸಾಧನ ಬಳಸುವ ಏರ್‌ಟೈಮ್ ಸೊನ್ನೆ. ಹತ್ತಿರದ ರೂಮುಗಳಲ್ಲಿ 5 ಗಿಗಾಹರ್ಟ್ಸ್ ಬಳಸಲಿ. ವೇಗ ಹೆಚ್ಚು, ಸರದಿ ಬೇಗ ಮುಗಿಯುತ್ತದೆ. ಆದರೆ ಅದು ದಪ್ಪ ಗೋಡೆ ದಾಟುವುದು 2.4ಕ್ಕಿಂತಲೂ ಕಷ್ಟ.

ಕೊನೆಯ ರೂಮಿಗೆ ಬೇಕಿರುವುದು ಕೇಬಲ್ ಎಳೆದು ಇಟ್ಟ ಎರಡನೇ ಆಕ್ಸೆಸ್ ಪಾಯಿಂಟ್, ಅಂದರೆ ಅಲ್ಲೇ ಕುಳಿತು ವೈಫೈ ಹರಡುವ ಇನ್ನೊಂದು ಸಾಧನ. ಇಲ್ಲಿ ಅಗ್ಗದ ಒಂದೇ ಬ್ಯಾಂಡಿನ ರಿಪೀಟರ್ ಕೊಳ್ಳಬೇಡಿ. ಅದು ಪ್ರತಿ ಪ್ಯಾಕೆಟನ್ನೂ ಅದೇ ಚಾನೆಲ್‌ನಲ್ಲಿ ಎರಡು ಸಲ ಸಾಗಿಸುತ್ತದೆ, ಅಂದರೆ ಮೊದಲೇ ಸಾಲದ ಸಮಯದಿಂದ ಎರಡು ಪಾಲು ತೆಗೆದುಕೊಳ್ಳುತ್ತದೆ.

ಮನೆಯಲ್ಲಿರುವ ಹಳೆಯ ರೂಟರೂ ಈ ಕೆಲಸಕ್ಕೆ ಆಗುತ್ತದೆ. ಮೊದಲನೆಯದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಎಂಬ ವಿಳಾಸ ಕೊಡಿ (ಅದು ಬೇರೆ ಯಾವ ಸಾಧನಕ್ಕೂ ಹೋಗಿರಬಾರದು), DHCP ಆಫ್ ಮಾಡಿ, ಕೇಬಲನ್ನು ಇದರ LAN ಪೋರ್ಟಿಗೆ ಹಾಕಿ. WAN ಪೋರ್ಟಿಗೆ ಹಾಕಿದರೆ ಒಂದೇ ಮನೆಯಲ್ಲಿ ಎರಡು ಪ್ರತ್ಯೇಕ ನೆಟ್‌ವರ್ಕ್ ಆಗಿ ಕ್ಯಾಮೆರಾ, ಪ್ರಿಂಟರ್ ಕಾಣದಾಗುತ್ತವೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆಯಾಗಲೇಬೇಕು: 2.4ರಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 11, ಅಗಲ 20 ಮೆಗಾಹರ್ಟ್ಸ್. 5ರಲ್ಲಿ 36 ಮತ್ತು 149. ಎರಡೂ ಒಂದೇ ಚಾನೆಲ್‌ನಲ್ಲಿದ್ದರೆ ಮತ್ತೆ ಒಂದೇ ಸರದಿಗೆ ಕಾಯುತ್ತವೆ.

ಈಗ ಹಳೆಯ ಲೆಕ್ಕಕ್ಕೆ ಬನ್ನಿ. ಕೊನೆಯ ರೂಮಿನಲ್ಲೂ ದಕ್ಕುವ ವೇಗ 80 ಆಯಿತು, ಸರದಿಯೂ ಬೇರೆಯಾಯಿತು. ಇಬ್ಬರೂ ಒಟ್ಟಿಗೆ ಡೌನ್‌ಲೋಡ್ ಮಾಡಿದರೆ ಪ್ಲಾನಿನ 100ನ್ನು ತಲಾ 50ರಂತೆ ಹಂಚಿಕೊಳ್ಳುತ್ತಾರೆ. ಮೊದಲ ಬಾರಿಗೆ ಪ್ಲಾನೇ ಮಿತಿಯಾಗಿದೆ; ಅದನ್ನು ಏರಿಸಿದರೆ ಫಲ ಸಿಗುವುದು ಈಗ.

ಕೇಬಲ್ ಎಳೆಯಲು ಆಗದಿದ್ದರೆ ಕೆಲವು ರೂಟರ್‌ಗಳಲ್ಲಿರುವ Airtime Fairness ಆನ್ ಮಾಡಿ ನೋಡಬಹುದು. ಆಗ ಸರದಿಯ ಬದಲು ಸಮಯವೇ ಸಮನಾಗಿ ಹಂಚಿಕೆಯಾಗಿ ಹಾಲ್‌ನವರಿಗೆ 40, ಕೊನೆಯ ರೂಮಿಗೆ 2 ಸಿಗುತ್ತದೆ. ಆ ರೂಮಿನವರಿಗೆ ಇದು ಅನ್ಯಾಯವೇ. ಅದೂ ಅಲ್ಲದೆ ರೂಟರ್ ಹಿಡಿತದಲ್ಲಿರುವುದು ಮುಖ್ಯವಾಗಿ ಡೌನ್‌ಲೋಡ್. ಕಣದ ಕ್ಯಾಮೆರಾ ತಾನಾಗಿ ಕಳಿಸುವುದನ್ನು ಈ ಸೆಟ್ಟಿಂಗ್ ಅಷ್ಟಾಗಿ ತಡೆಯದು.

ಕಣಕ್ಕೋ ಹೊರಗಿನ ಕಾಟೇಜಿಗೋ ತಂತಿ ಎಳೆಯುವಾಗ ಎರಡು ಸಂಗತಿ ನೆನಪಿರಲಿ. ತಾಮ್ರದ ಲ್ಯಾನ್ ಕೇಬಲ್ 100 ಮೀಟರ್ ಮೀರಬಾರದು. ಅದಕ್ಕಿಂತ ಮುಖ್ಯವಾಗಿ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಬಯಲಿನ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಎರಡೂ ಕಡೆಯ ಸಾಧನಗಳಿಗೆ ತಲುಪಿಸುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಲೋಹದ ಎಳೆಯಿಲ್ಲದ ಫೈಬರ್ ಕೇಬಲ್ ಹಾಕಿ, ಎರಡೂ ತುದಿಗೆ ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಕೂಡಿಸಿ.