ಸ್ಲೈಡ್ ಚೆನ್ನಾಗಿ ಕಾಣುತ್ತೆ, ಆದ್ರೆ ಕೇಳಿಸೋದು ಹೇಗೆ?

ಪವರ್‌ಪಾಯಿಂಟ್‌ನಲ್ಲಿ ಪಾಠ ಮಾಡುವವರಿಗೆ ಒಂದು ಸಲಹೆ. ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್, ಸ್ಲೈಡನ್ನು ನಮ್ಮ ಕಣ್ಣು ಓದುವ ಹಾಗೆ ಓದುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಪದರಗಳಲ್ಲಿ ಅಡಿಯಲ್ಲಿರುವುದನ್ನು ಮೊದಲು ಓದುತ್ತದೆ. ನನ್ನ ಮಳೆ ಪ್ರಮಾಣದ ಸ್ಲೈಡಿಗೆ ಶೀರ್ಷಿಕೆಯನ್ನು ಎಲ್ಲಾ ಮುಗಿದ ಮೇಲೆ ಟೆಕ್ಸ್ಟ್ ಬಾಕ್ಸ್‌ನಲ್ಲಿ ಹಾಕಿದ್ದೆ. ಓದುವಾಗಲೂ ಅದು ಕೊನೆಗೇ ಬಂತು!

ವಿಂಡೋಸ್‌ನಲ್ಲಿ Alt+F10 ಒತ್ತಿದರೆ Selection ಪಟ್ಟಿ ತೆರೆಯುತ್ತದೆ. ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಜಾಸ್ತಿ ಜನ ಎಡವುವುದು ಇಲ್ಲೇ. ಶೀರ್ಷಿಕೆಯನ್ನು ತೀರಾ ಕೆಳಗೆ ಎಳೆಯಿರಿ. ಹಿನ್ನೆಲೆ ಚಿತ್ರ ಇದ್ದರೆ ಶೀರ್ಷಿಕೆ ಅದರ ಹಿಂದೆ ಮರೆಯಾಗಬಹುದು, ಆಗ ಆ ಚಿತ್ರವನ್ನು ಸ್ಲೈಡ್‌ಗಳ ಮೂಲ ವಿನ್ಯಾಸ ಇರುವ ಸ್ಲೈಡ್ ಮಾಸ್ಟರ್‌ಗೆ ಸಾಗಿಸಿ. ಆಮೇಲೆ ಸ್ಲೈಡಿನ ಮೇಲೆ Tab ಒತ್ತುತ್ತಾ ಹೋಗಿ, ಕ್ರಮ ಗೊತ್ತಾಗುತ್ತದೆ.

ಚಾರ್ಟನ್ನು ನೋಡಲಾಗದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ ಅಂದ್ರೆ ಪರ್ಯಾಯ ಪಠ್ಯ (Alt Text). ಅದರಲ್ಲಿ ಸುಮ್ನೆ ‘ಬಾರ್ ಚಾರ್ಟ್’ ಅಂತ ಬರೆದರೆ ಏನು ಪ್ರಯೋಜನ? ‘ಎರಡೂ ಊರಲ್ಲಿ ಜುಲೈ ಮಳೆ ಅತಿ ಹೆಚ್ಚು, ಸೆಪ್ಟೆಂಬರ್‌ಗೆ ಅರ್ಧಕ್ಕಿಂತ ಕಡಿಮೆ’ ಎಂದು ಬರೆದೆ. ಅಂಚಿನ ಅಲಂಕಾರದ ಗೆರೆಗೆ Mark as decorative ಸಾಕು.

ಕೆಂಪು, ಹಸಿರಿನ ವ್ಯತ್ಯಾಸ ಕೆಲವರ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಆ ಎರಡು ಊರುಗಳ ಕೆಂಪು–ಹಸಿರು ಬಾರ್‌ಗಳನ್ನು ಗಾಢ ನೀಲಿ, ತಿಳಿ ಕಿತ್ತಳೆ ಮಾಡಿ, ಊರಿನ ಹೆಸರನ್ನು ಬಾರ್ ಪಕ್ಕದಲ್ಲೇ ಬರೆದೆ. ಕಪ್ಪು-ಬಿಳುಪು ಪ್ರಿಂಟ್‌ನಲ್ಲೂ ಯಾವುದು ಯಾವುದೆಂದು ತಿಳಿಯುತ್ತದೆ.