ಕೈಯಿಂದ ಹಾಕಿದ ದುಡ್ಡಿಗೆ ತೆರಿಗೆ ಯಾಕೆ?

ಅಂಗಡಿಯ ಬ್ಯಾಂಕ್ ಖಾತೆಗೆ ಸ್ವಂತ ದುಡ್ಡು ಹಾಕಿದರೆ ಅವತ್ತೇ ಲೆಕ್ಕದ ಪುಸ್ತಕದಲ್ಲಿ ‘ಬಂಡವಾಳ’ ಎಂದು ಬರೆಯಿರಿ. ಎಲ್ಲಿಂದ ಬಂತು ಅನ್ನುವುದನ್ನೂ ಸೇರಿಸಿ. ಕಾಮರ್ಸ್ ಮೇಷ್ಟ್ರೊಬ್ಬರ ಭಾಷಣದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಮಾತು ಇದು. ಬ್ಯಾಂಕಿನ ಲೆಕ್ಕದಲ್ಲಿ ಎಲ್ಲ ಜಮೆಯೂ ಒಂದೇ ಥರ ಕಾಣುತ್ತದೆ. ಮಾರಾಟ 50,000, ಖರ್ಚು 30,000, ನೀವು ಹಾಕಿದ್ದು 20,000 ಅಂದುಕೊಳ್ಳಿ. ನಿಜವಾದ ಲಾಭ 20,000. ಬರೆದಿಡದಿದ್ದರೆ ತೆರಿಗೆ ಇಲಾಖೆಯವರು 70,000 ಪೂರ್ತಿ ಮಾರಾಟವೆಂದು ಹಿಡಿದು, ಲಾಭ 40,000 ಎಂದು ಅಷ್ಟಕ್ಕೂ ತೆರಿಗೆ ಕೇಳಬಹುದು. ಪಾಲುದಾರರಿದ್ದರೆ ಯಾರು ಎಷ್ಟು ಹಾಕಿದರು ಅನ್ನುವ ಜಗಳವೂ ಇಲ್ಲಿಂದಲೇ ಶುರು, ಅಲ್ವಾ? ಆದರೆ ಸುಮ್ನೆ ಬರೆದರೆ ಸಾಲದು. ಉಳಿತಾಯ ಖಾತೆಯಿಂದ ವರ್ಗಾಯಿಸಿದರೆ ದಾಖಲೆ ತಾನಾಗಿ ಇರುತ್ತದೆ. ಮನೆಯಲ್ಲಿಟ್ಟ ನಗದು ತಂದು ಕಟ್ಟಿದರೆ ಮೂಲ ತೋರಿಸುವುದು ಕಷ್ಟ, ಅಲ್ಲಿ ಈ ಉಪಾಯವೊಂದೇ ಸಾಲದು.